ಮೂರು ಭಾಷೆಯ ಬೋರ್ಡು: ಸಾಲು ಬೆರೆಯದ ಹಾಗೆ ನಾನು ಮಾಡಿದ ವ್ಯವಸ್ಥೆ

ಪುಣೆಯ ಸ್ವಾರಗೇಟಿನಿಂದ ಸ್ವಲ್ಪ ದೂರದಲ್ಲಿ ನನ್ನ ಬೋರ್ಡಿನ ಅಂಗಡಿ. ಗದಗ ಕಡೆಯಿಂದ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಬ್ರಷ್ಷು, ಆಮೇಲೆ ಫ್ಲೆಕ್ಸು, ಈಗ ಜಾಸ್ತಿ ಕೆಲಸ ವಿನೈಲ್ ಮತ್ತು ರೇಡಿಯಂ ಕಟಿಂಗ್. ಕರ್ನಾಟಕಕ್ಕೆ ಹೋಗುವ ಖಾಸಗಿ ಬಸ್ಸುಗಳ ಬೋರ್ಡು ನನ್ನ ಮುಖ್ಯ ಗಿರಾಕಿ ಕೆಲಸ. ಮರಾಠಿ, ಕನ್ನಡ, ಇಂಗ್ಲಿಷು, ಮೂರೂ ಬೇಕು. ನನ್ನ ಪದ್ಧತಿಯನ್ನು ಶುರುವಿನಲ್ಲಿ ಯಾರೂ ನಂಬಲಿಲ್ಲ. ಎರಡು ವರ್ಷದಿಂದ ಒಂದು ಬೋರ್ಡೂ ತಪ್ಪಾಗಿ ವಾಪಸ್ ಬಂದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಪಾಠ ಕಲಿಸಿದ್ದು ಪುಣೆ–ಹುಬ್ಬಳ್ಳಿ ದಾರಿಯ ಕೆಲಸ. ಒಬ್ಬ ಬಸ್ ಮಾಲೀಕರು ಬುಕಿಂಗ್ ಆಫೀಸುಗಳಿಗೆ ದರದ ಆರು ಬೋರ್ಡು ಕೇಳಿದರು. ಒಂದೊಂದು ಅಡ್ಡಸಾಲಿನಲ್ಲಿ ಊರಿನ ಹೆಸರು ಮೂರು ಭಾಷೆಯಲ್ಲಿ, ಕೊನೆಗೆ ದರ. ಕನ್ನಡದ ಪಟ್ಟಿ ನಾನೇ ಬರೆದೆ: ಪುಣೆ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಒಟ್ಟು ಎಂಟು. ಮರಾಠಿ ಪಟ್ಟಿಯನ್ನು ಅವರ ಆಫೀಸಿನ ಹುಡುಗ ವಾಟ್ಸಾಪಿನಲ್ಲಿ ಕಳಿಸಿದ. ಅದರಲ್ಲೂ ಎಂಟೇ ಸಾಲು. ಮೇಲೆ ಪುಣೆ, ಕೆಳಗೆ ಹುಬ್ಬಳ್ಳಿ. ಲೆಕ್ಕ ಸರಿ ಇದೆಯಲ್ಲ ಅಂತ ಎರಡು ಪಟ್ಟಿಯನ್ನೂ ಅಕ್ಕಪಕ್ಕ ಅಂಟಿಸಿ ಪ್ರಿಂಟಿಗೆ ಕೊಟ್ಟೆ.

ಆ ಹುಡುಗ ಕರಾಡ ಬಿಟ್ಟಿದ್ದ. ಆದರೆ ನಿಪ್ಪಾಣಿ ಮತ್ತು ಬೆಳಗಾವಿ ನಡುವೆ ಸಂಕೇಶ್ವರ ಸೇರಿಸಿದ್ದ. ಒಂದು ಕಡಿಮೆ, ಒಂದು ಜಾಸ್ತಿ, ಮೊತ್ತ ಅದೇ ಎಂಟು. ಹಾಗಾಗಿ ಮೂರು, ನಾಲ್ಕು, ಐದನೇ ಸಾಲು ಮಾತ್ರ ಜಾರಿದ್ದವು. ಕನ್ನಡದ ಕರಾಡದ ಪಕ್ಕ ಮರಾಠಿಯ ಕೊಲ್ಹಾಪುರ, ಕೊಲ್ಹಾಪುರದ ಪಕ್ಕ ನಿಪ್ಪಾಣಿ, ನಿಪ್ಪಾಣಿಯ ಪಕ್ಕ ಸಂಕೇಶ್ವರ. ಆರನೇ ಸಾಲಿನಿಂದ ಮತ್ತೆ ಎಲ್ಲ ಸರಿ. ಮೇಲಿನ ಸಾಲು ನೋಡಿದರೂ ಸರಿ, ಕೆಳಗಿನದು ನೋಡಿದರೂ ಸರಿ, ಎಣಿಸಿದರೂ ಸರಿ. ಮರಾಠಿ ಓದುವವರಿಗೆ ಕರಾಡದ ದರವೇ ಕೊಲ್ಹಾಪುರದ ದರ ಅಂತ ಕಂಡಿತು. ಕೌಂಟರಿನಲ್ಲಿ ಜಗಳ ಆಯಿತು. ಆರೂ ಬೋರ್ಡು ವಾಪಸ್ ಬಂದವು. ಸನ್‌ಬೋರ್ಡು, ಪ್ರಿಂಟು, ಲ್ಯಾಮಿನೇಷನ್, ಗಾಡಿ ಬಾಡಿಗೆ ಸೇರಿ ಎಂಟೊಂಬತ್ತು ಸಾವಿರ ನನ್ನ ಕೈಯಿಂದ ಹೋಯಿತು.

ಅವತ್ತಿನಿಂದ ಪಕ್ಕಪಕ್ಕ ಕಾಲಂ ಇಡುವುದನ್ನೇ ಬಿಟ್ಟೆ. ಈಗ ಊರಿಗೊಂದು ನಂಬರು. ಆ ನಂಬರು ದಾರಿಯಲ್ಲಿ ಆ ಊರಿನ ಜಾಗ. ಒಂದು ಸಾಲಿನಲ್ಲಿ ಒಂದೇ ಊರು, ಒಂದೇ ಭಾಷೆ.

```
03|mr|कराड
03|kn|ಕರಾಡ
03|en|KARAD
04|mr|कोल्हापूर
04|kn|ಕೊಲ್ಹಾಪುರ
04|en|KOLHAPUR
```

ಎಂಟು ಊರಿಗೆ ಇಪ್ಪತ್ನಾಲ್ಕು ಸಾಲು. ಮರಾಠಿ ಪಟ್ಟಿ ಕಳಿಸುವವರಿಗೆ ನಾನೇ ನಂಬರು ಹಾಕಿದ ಖಾಲಿ ಚೀಟಿ ಕೊಡುತ್ತೇನೆ. ಕರಾಡ ಬಿಟ್ಟರೆ 03ರ ಮುಂದೆ ಖಾಲಿ ಉಳಿಯುತ್ತದೆ, ಕೂಡಲೇ ಗೊತ್ತಾಗುತ್ತದೆ. ಸಂಕೇಶ್ವರ ಬರೆಯಲು ಅವರಿಗೆ ಜಾಗವೇ ಇರುವುದಿಲ್ಲ. ಬೇಕೇ ಬೇಕೆಂದರೆ ಫೋನು ಮಾಡುತ್ತಾರೆ, ಆಗ ಮೂರೂ ಭಾಷೆಗೆ ಹೊಸ ನಂಬರು ಕೊಡುತ್ತೇನೆ.

ನಡುವಿನ ಭಾಷೆಯ ಗುರುತು ಬೇಡ, ಅಕ್ಷರ ನೋಡಿದರೆ ಗೊತ್ತಾಗುವುದಿಲ್ಲವೇ ಅಂತ ಕೆಲವರು ಕೇಳಿದರು. ಕನ್ನಡಕ್ಕೆ ಗೊತ್ತಾಗುತ್ತದೆ. ಮರಾಠಿಗೂ ಹಿಂದಿಗೂ ಲಿಪಿ ಒಂದೇ, ಅಲ್ವಾ? ಮರಾಠಿಯಲ್ಲಿ कोल्हापूर ಅಂತ ದೀರ್ಘ. ಹಿಂದಿಯಲ್ಲಿ कोल्हापुर ಅಂತ ಹ್ರಸ್ವ. ಮರಾಠಿ, ಹಿಂದಿ, ಇಂಗ್ಲಿಷಿನ ಒಂದು ಕೆಲಸದಲ್ಲಿ ನನ್ನ ಹುಡುಗ ಎರಡನ್ನೂ ನೋಡಿ, ಒಂದು ತಪ್ಪಿರಬೇಕು ಅಂತ ಎರಡನ್ನೂ ಒಂದೇ ಮಾಡಿಬಿಟ್ಟ. ಅವನ ತಪ್ಪಲ್ಲ, ಗುರುತು ಹಾಕದ ನನ್ನ ತಪ್ಪು. ಗೋವಾದ ಕೆಲಸ ಬಂದಾಗ ಇದೇ ಗುರುತು ಕೈಹಿಡಿಯಿತು. ಅಲ್ಲಿ ಕೊಂಕಣಿಯೂ ದೇವನಾಗರಿಯಲ್ಲೇ. ಮರಾಠಿಯ मडगाव ಕೊಂಕಣಿಯಲ್ಲಿ मडगांव. ಒಂದು ಬಿಂದುವಿನ ವ್ಯತ್ಯಾಸ.

ಹೆಸರನ್ನು ಇಂಗ್ಲಿಷಿನಿಂದ ಎತ್ತಿ ಬರೆಯುವುದೂ ಇಲ್ಲ. ಮರಾಠಿಯವರಿಗೆ ಅದು ಬೇಳಗಾವ, ಹುಬಳೀ. ಕನ್ನಡದವರಿಗೆ ಬೆಳಗಾವಿ, ಹುಬ್ಬಳ್ಳಿ. ಆಯಾ ಭಾಷೆಯವರು ಬಾಯಲ್ಲಿ ಹೇಳುವ ಹೆಸರು ಆಯಾ ಸಾಲಿನಲ್ಲಿ ಇರಬೇಕು. ಒಂದನ್ನು ನೋಡಿ ಇನ್ನೊಂದನ್ನು ತಿದ್ದಲು ಯಾರಿಗೂ ಬಿಡುವುದಿಲ್ಲ.

ಇಷ್ಟಾದ ಮೇಲೂ ಒಂದು ಸಲ ಬಿದ್ದೆ. ಅದು ವಾಪಸ್ ಬರುವ ಬಸ್ಸಿನ ಬೋರ್ಡು. ಹುಬ್ಬಳ್ಳಿಯಿಂದ ಪುಣೆಗೆ ದಾರಿ ಉಲ್ಟಾ ಆಗಬೇಕು. ನಾನು ಎಕ್ಸೆಲ್‌ನಲ್ಲಿ ಇಪ್ಪತ್ನಾಲ್ಕು ಸಾಲಿಗೂ ಒಂದರಿಂದ ಇಪ್ಪತ್ನಾಲ್ಕರವರೆಗೆ ಇನ್ನೊಂದು ನಂಬರು ಹಾಕಿ ಅದನ್ನೇ ಇಳಿಕೆ ಕ್ರಮಕ್ಕೆ ತಿರುಗಿಸಿದೆ. ಊರು ತಿರುಗಿದವು, ಜೊತೆಗೆ ಭಾಷೆಯೂ ತಿರುಗಿತು. ಇಂಗ್ಲಿಷು ಮೇಲೆ ಬಂತು, ಮರಾಠಿ ಕೆಳಗೆ ಹೋಯಿತು. ಕನ್ನಡ ನಡುವೆಯೇ ಉಳಿಯಿತು. ನನ್ನ ಕಣ್ಣು ಮೊದಲು ಓದುವುದು ಕನ್ನಡವನ್ನೇ. ಅದು ಇದ್ದ ಜಾಗದಲ್ಲೇ ಇತ್ತು, ಹಾಗಾಗಿ ತಪ್ಪು ಕಾಣಲಿಲ್ಲ. ನಾಲ್ಕು ಬೋರ್ಡು ಹಾಳು, ಸುಮಾರು ಮೂರು ಸಾವಿರ.

ಮಾಲೀಕರು ಮರಾಠಿ ಮೇಲೆಯೇ ಬೇಕು ಅಂದಿದ್ದರು. ಮಹಾರಾಷ್ಟ್ರದ ಅಂಗಡಿ ಬೋರ್ಡುಗಳ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ನಿಮಗೆಲ್ಲ ಗೊತ್ತೇ ಇದೆ. ಮರಾಠಿ ಮೊದಲು ಬರಬೇಕು, ಅದರ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಸಣ್ಣದಿರಬಾರದು. ಅದು ಅಂಗಡಿಗಳ ಮಾತು. ಆದರೆ ಬಸ್ಸಿಗೂ ಅದೇ ಕ್ರಮ ಇರಲಿ ಅಂತ ಅವರು ಹೇಳಿದ್ದು ಸರಿಯೇ. ಬುಕಿಂಗ್ ಆಫೀಸಿನ ಬೋರ್ಡೂ ಬಸ್ಸಿನ ಬೋರ್ಡೂ ಒಂದೇ ಥರ ಕಾಣುತ್ತವೆ.

ಇದನ್ನು ಬಿಡಿಸಿದ್ದು ನನ್ನ ಅಕ್ಕನ ಮಗ. "ಮಾಮಾ, ಊರಿನ ನಂಬರಷ್ಟೇ ತಿರುಗಿಸು. ಅದರೊಳಗಿನ ಮೂರು ಸಾಲು ಹೆಂಗ ಅದಾವೋ ಹಂಗ ಇರಲಿ" ಅಂದ. ಎಕ್ಸೆಲ್‌ನಲ್ಲಿ ಇಡೀ ಪಟ್ಟಿ ಆರಿಸಿ, ಊರಿನ ನಂಬರಿನ ಕಾಲಂ ಒಂದರ ಮೇಲೆ ಮಾತ್ರ ಇಳಿಕೆ ಕ್ರಮ ಕೊಟ್ಟರೆ ಸಾಕು. ಒಂದೇ ನಂಬರಿನ ಸಾಲುಗಳು ತಮ್ಮ ಮೊದಲಿನ ಕ್ರಮ ಬಿಡುವುದಿಲ್ಲ. ಅವನು ತನ್ನ ಲಿನಕ್ಸಿನಲ್ಲಿ ಹೀಗೆ ಮಾಡುತ್ತಾನೆ:

```
sort -s -t'|' -k1,1nr pune-hubballi.txt
```

ಇಲ್ಲಿ `-s` ಬಿಟ್ಟರೆ ಕೆಲಸ ಕೆಟ್ಟಿತು. ನಂಬರು ಒಂದೇ ಆದ ಸಾಲುಗಳನ್ನು ಅದು ಭಾಷೆಯ ಗುರುತಿನ ಅಕ್ಷರ ನೋಡಿ ಮತ್ತೆ ಜೋಡಿಸುತ್ತದೆ. ಇಂಗ್ಲಿಷು ಮತ್ತೆ ಮೇಲೆ ಬರುತ್ತದೆ. ಇನ್ನು ಊರಿನ ಹೆಸರಿನ ಕಾಲಂ ಮೇಲೆ ಸಾರ್ಟ್ ಒತ್ತಿದರೆ ದಾರಿಯೇ ಹೋಯಿತು. ಅಕಾರಾದಿಯಲ್ಲಿ ಕರಾಡ ಪುಣೆಗಿಂತ ಮೊದಲು ಬರುತ್ತದೆ, ಬಸ್ಸು ಹಾಗೆ ಹೋಗುವುದಿಲ್ಲ.

ಇನ್ನು ಬೋರ್ಡಿನ ಮೇಲೆ ಹೇಗೆ ಕೂರಿಸುವುದು? ಬಸ್ಸಿನ ಪಕ್ಕದ ದಾರಿ ಬೋರ್ಡಿನಲ್ಲಿ ಮಾಲೀಕರು ಕೇಳಿದ್ದು ಒಂದೊಂದು ಊರೂ ಮೂರು ಭಾಷೆಯಲ್ಲಿ ಬಂದು, ಆಮೇಲೆ ಮುಂದಿನ ಊರು. ನಾನು ಹೇಳಿದ್ದು ಭಾಷೆಗೊಂದು ಸಾಲು. "ಮೂರು ಸಾಲು ಮಾಡಿದ್ರ ಅಕ್ಷರ ಸಣ್ಣ ಆಗ್ತಾವಲ್ರೀ" ಅಂದರು. ನಾನು ಎರಡೂ ಥರ ಒಂದೊಂದು ಮಾದರಿ ಮಾಡಿ ಸಂಜೆ ಬಸ್ಸು ಹತ್ತುವ ಜಾಗದಲ್ಲಿ ಆನಿಸಿ ಇಟ್ಟೆ. ಈ ಬಸ್ಸು ನಿಪ್ಪಾಣಿಗೆ ಹೋಗುತ್ತದೆಯೇ ಅಂತ ಕಾಯುತ್ತಿದ್ದ ಇಪ್ಪತ್ತು ಇಪ್ಪತ್ತೈದು ಜನರನ್ನು ಕೇಳಿದೆ. ಬೆರೆಸಿ ಬರೆದ ಬೋರ್ಡಿನಲ್ಲಿ ಅರ್ಧದಷ್ಟು ಜನ ತಡಕಾಡಿದರು. ತಮಗೆ ಬರುವ ಲಿಪಿಯಿಂದ ಕಣ್ಣು ಎರಡು ಹೆಸರು ಹಾರಿ ಮುಂದಿನದಕ್ಕೆ ಹೋಗಬೇಕಲ್ಲ. ಸಾಲು ಬೇರೆ ಇದ್ದದ್ದರಲ್ಲಿ ಮೂರೋ ನಾಲ್ಕೋ ಜನ ಮಾತ್ರ ತಪ್ಪಿದರು. ಅಕ್ಷರ ಸಣ್ಣದಿದ್ದರೂ ಹೀಗೆ. ಮಾಲೀಕರು ನಿಂತು ನೋಡಿದರು, ಅಲ್ಲೇ ಒಪ್ಪಿದರು.

ಸಾಲಿನ ನಡುವಿನ ಅಂತರ ಮೂರಕ್ಕೂ ಒಂದೇ ಇಡಬೇಡಿ. ಹುಬ್ಬಳ್ಳಿಯ ಎರಡು ಒತ್ತೂ ಕೆಳಗೆ ಇಳಿಯುತ್ತವೆ. ನನ್ನ ಮೊದಲ ಬೋರ್ಡಿನಲ್ಲಿ ಅವು ಇಂಗ್ಲಿಷಿನ ತಲೆಗೆ ತಾಗಿದ್ದವು. ಮರಾಠಿಗೆ ಮೇಲೂ ಕೆಳಗೂ ಮಾತ್ರೆ ಇವೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಎರಡೂ ಇಲ್ಲ. ಎರಡಿಂಚಿನ ಅಕ್ಷರಕ್ಕೆ ನಾನು ಕನ್ನಡದ ಕೆಳಗೆ ಒಂದೂಕಾಲು ಇಂಚು ಬಿಡುತ್ತೇನೆ, ಮರಾಠಿಯ ಕೆಳಗೆ ಸುಮಾರು ಒಂದು ಇಂಚು.

ಪ್ಲಾಟರಿನಲ್ಲಿ ಕತ್ತರಿಸುವವರು ಇದನ್ನು ಗಮನಿಸಿ. ದೇವನಾಗರಿಯ ತಲೆಗೆರೆ ನಮಗೆ ಒಂದೇ ಗೆರೆ. ಫಾಂಟಿನಲ್ಲಿ ಅದು ಅಕ್ಷರಕ್ಕೊಂದು ತುಂಡು, ಒಂದರ ಮೇಲೊಂದು ಸ್ವಲ್ಪ ಏರಿ ಕೂತಿರುತ್ತದೆ. ಕರ್ವ್ ಮಾಡಿ ವೆಲ್ಡ್ ಮಾಡದೆ ಕಳಿಸಿದರೆ ಚಾಕು ಪ್ರತಿ ಕೂಡಿಕೆಯಲ್ಲೂ ಅಡ್ಡ ಕೊಯ್ಯುತ್ತದೆ. ಅಂಟಿಸಿದಾಗ ಚೆನ್ನಾಗಿಯೇ ಕಾಣುತ್ತದೆ. ಎರಡು ಸಲ ಬಸ್ಸು ತೊಳೆದ ಮೇಲೆ ತುಂಡು ತುಂಡಾಗಿ ಏಳುತ್ತದೆ. ಕನ್ನಡದ ಒತ್ತು ಮೇಲಿನ ಅಕ್ಷರಕ್ಕೆ ತಾಗುವ ಕಡೆಯೂ ಹೀಗೇ. ಮತ್ತೆ, ಕರ್ವ್ ಮಾಡಿದ ಮೇಲೆ ಅದು ಅಕ್ಷರವಲ್ಲ, ಚಿತ್ರ. ಕಾಗುಣಿತ ತಿದ್ದುವುದಿದ್ದರೆ ಪಟ್ಟಿಯಲ್ಲೇ ತಿದ್ದಿ ಹೊಸದಾಗಿ ತನ್ನಿ. ಭಾಷೆಗೊಂದು ಲೇಯರ್ ಇಟ್ಟು, ಲೇಯರಿಗೂ `mr`, `kn`, `en` ಅಂತಲೇ ಹೆಸರಿಡುತ್ತೇನೆ. ಕತ್ತರಿಸುವ ಮೊದಲು ಎರಡು ಲೇಯರ್ ಮುಚ್ಚಿ ಒಂದನ್ನೇ ಪ್ರಿಂಟ್ ತೆಗೆದು, ಆ ಭಾಷೆಯವರ ಕೈಗೆ ಕೊಡುತ್ತೇನೆ. ಮೂರೂ ಕೂಡಿಸಿ ಕೊಟ್ಟರೆ ಯಾರೂ ಪೂರ್ತಿ ಓದುವುದಿಲ್ಲ.

ಈಚೆಗೆ ಎಲ್‌ಇಡಿ ಬೋರ್ಡಿನ ಕೆಲಸವೂ ಬರುತ್ತಿದೆ. ಅಲ್ಲಿ ಮೂರು ಸಾಲು ಹಿಡಿಸುವುದಿಲ್ಲ. ಭಾಷೆಗೊಂದು ಪರದೆ, ಒಂದಾದ ಮೇಲೆ ಒಂದು. ನಾನು ನಾಲ್ಕು ಸೆಕೆಂಡು ಇಡುತ್ತೇನೆ, ಮರಾಠಿಯಿಂದಲೇ ಶುರು. ಅಗ್ಗದ ಕಂಟ್ರೋಲರಿಗೆ ಕನ್ನಡವನ್ನು ಅಕ್ಷರವಾಗಿ ಕೊಟ್ಟರೆ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ಮೂರನ್ನೂ ಚಿತ್ರ ಮಾಡಿ, ಫೈಲಿನ ಹೆಸರಲ್ಲೇ ನಂಬರು ಹಾಕಿ ಕಳಿಸುತ್ತೇನೆ: `08-1-mr.bmp`, `08-2-kn.bmp`, `08-3-en.bmp`. ಭಾಷೆಯ ಮುಂದಿನ ನಂಬರು ಇರದಿದ್ದರೆ ಅದು ಫೈಲುಗಳನ್ನು ಅಕಾರಾದಿಯಲ್ಲಿ ಎತ್ತಿಕೊಂಡು ಇಂಗ್ಲಿಷನ್ನೇ ಮೊದಲು ತೋರಿಸುತ್ತದೆ. ಎತ್ತರ ಹದಿನಾರೇ ಚುಕ್ಕೆ ಇರುವ ಬೋರ್ಡಿನಲ್ಲಿ ಹುಬ್ಬಳ್ಳಿಯ ಒತ್ತು ಕೂರಿಸುವುದು ಬಹಳ ಕಷ್ಟ. ನಾನು ಚುಕ್ಕೆ ಚುಕ್ಕೆ ಕೈಯಿಂದ ಇಟ್ಟು ಕೂರಿಸಿದ್ದೇನೆ, ಹದಿನೈದು ಹೆಜ್ಜೆ ದೂರದಿಂದ ಓದಬಹುದು. ಯಾವ ಚುಕ್ಕೆ ಬಿಟ್ಟೆ, ಯಾವುದು ಇಟ್ಟೆ ಎಂಬುದನ್ನು ಸದ್ಯ ಹೇಳುವುದಿಲ್ಲ, ಅದು ಆರು ವಾರದ ದುಡಿಮೆ. ಇಪ್ಪತ್ನಾಲ್ಕು ಚುಕ್ಕೆಯ ಬೋರ್ಡಿಗೆ ಮಾಲೀಕರು ಒಪ್ಪಿದರೆ ಆ ಕಷ್ಟವೇ ಬೇಡ, ಮೊದಲು ಅದನ್ನೇ ಕೇಳಿ ನೋಡಿ.