ಮೂರನೆಯ ನೋಟಿಸಿಗೆ ಬಂದ ಬಾಕಿ ಹಣ

ನೋಟಿಸು ಕೊಟ್ಟರೆ ಗಿರಾಕಿ ಹೋಗುತ್ತಾನೆ, ಹಣ ಮಾತ್ರ ಬರುವುದಿಲ್ಲ ಎಂದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನಗಿಂತ ಹಿರಿಯರಾದ ಜೀನ್ಸ್ ತಯಾರಕರು ಮೂವರಾದರೂ ಹೇಳಿದ್ದರು. ನನ್ನ ಮೊದಲ ಎರಡು ನೋಟಿಸುಗಳ ಮಟ್ಟಿಗೆ ಅವರ ಮಾತು ನಿಜವೇ ಆಯಿತು. ಮೂರನೆಯದಕ್ಕೆ ಅಸಲು ಪೂರ್ತಿ ಬಂದಿತು, ಬಡ್ಡಿಯಲ್ಲಿಯೂ ಒಂದು ಪಾಲು ಬಂದಿತು. ಆ ಮೂರರ ನಡುವಿನ ವ್ಯತ್ಯಾಸವನ್ನು ನಮ್ಮಂತಹ ಸಣ್ಣ ಘಟಕದವರಿಗಾಗಿ ಬರೆಯುತ್ತಿದ್ದೇನೆ.

2023ರ ದಸರಾ, ದೀಪಾವಳಿ ವ್ಯಾಪಾರಕ್ಕೆಂದು ರಾಯಚೂರಿನ ಒಂದು ಬಟ್ಟೆ ಅಂಗಡಿಗೆ ಸೆಪ್ಟೆಂಬರ್ ತಿಂಗಳಲ್ಲಿ ಮೂರು ಬಿಲ್ಲುಗಳ ಮಾಲು ಕಳುಹಿಸಿದ್ದೆ. ಒಟ್ಟು ಮೊತ್ತ ಸುಮಾರು 3,69,000 ರೂಪಾಯಿ. ಮಾತಾಗಿದ್ದುದು 45 ದಿನಗಳ ಉದ್ದರಿ. ನವೆಂಬರಿನಲ್ಲಿ 50,000 ರೂಪಾಯಿ ಬಂದಿತು, ಆಮೇಲೆ ಏನೂ ಬರಲಿಲ್ಲ. "ಸಾವಕಾರ್ರೆ, ಸಂಕ್ರಾಂತಿ ಮುಗೀಲಿ" ಎಂದರು, ಸಂಕ್ರಾಂತಿಯ ನಂತರ ಮದುವೆ ಸೀಜನ್ ಎಂದರು. ಇತ್ತ ವಾಷಿಂಗ್ ಘಟಕದವರ ಬಾಕಿ ಬೆಳೆಯುತ್ತಿತ್ತು. ಹೊಲಿಗೆಯವರ ವಾರದ ಬಟವಾಡೆಗಾಗಿ ನಾನು ಎರಡು ಸಲ ಚಿನ್ನ ಅಡವಿಟ್ಟೆ.

ಮೊದಲನೆಯ ನೋಟಿಸನ್ನು ನಾನೇ ಲೆಟರ್‌ಹೆಡ್ಡಿನ ಮೇಲೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ. ಎರಡನೆಯದನ್ನು 2024ರ ಮಾರ್ಚಿನಲ್ಲಿ ವಕೀಲರೊಬ್ಬರಿಂದ ಕಳುಹಿಸಿದೆ. ಎರಡು ಸಾವಿರ ರೂಪಾಯಿಯಷ್ಟು ಖರ್ಚಾಯಿತು. ಅದಕ್ಕೆ ಅವರ ವಕೀಲರಿಂದ ಬಂದ ಉತ್ತರ ನನ್ನನ್ನು ಕಂಗೆಡಿಸಿತು. ನೋಟಿಸಿನಲ್ಲಿರುವ ಹೆಸರಿನ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಇಲ್ಲ, ವಾಪಸು ಕಳುಹಿಸಿದ ಪೀಸುಗಳನ್ನು ಲೆಕ್ಕದಲ್ಲಿ ಕಳೆದಿಲ್ಲ, ಬಿಲ್ಲಿನ ಕೆಳಗೆ ಅಚ್ಚಾಗಿರುವ ಶೇಕಡಾ 24ರ ಬಡ್ಡಿಗೆ ತಮ್ಮ ಕಕ್ಷಿದಾರರು ಸಹಿ ಮಾಡಿಲ್ಲ, ಮೇಲಾಗಿ ಮಾಲು ಕಳಪೆಯಾಗಿತ್ತು ಎಂದು ಬರೆದಿದ್ದರು. ಮೊದಲ ಮೂರು ಮಾತುಗಳು ಸರಿಯಾಗಿಯೇ ಇದ್ದವು, ತಪ್ಪು ನನ್ನದು.

ಹೆಸರಿನ ತಪ್ಪು ಎಲ್ಲಕ್ಕಿಂತ ದೊಡ್ಡದಾಗಿತ್ತು. ನಾನು ಅಂಗಡಿಯ ಬೋರ್ಡಿನಲ್ಲಿದ್ದ ಹೆಸರಿಗೆ ನೋಟಿಸು ಕಳುಹಿಸಿದ್ದೆ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವಿಲ್ಲ, ಸಾಲಗಾರ ಆ ಮಾಲೀಕನೇ. ಜಿಎಸ್‌ಟಿ ಜಾಲತಾಣದಲ್ಲಿ ಅವರ ನೋಂದಣಿ ಸಂಖ್ಯೆಯನ್ನು ಹಾಕಿದರೆ Trade Name ಎಂಬಲ್ಲಿ ಬೋರ್ಡಿನ ಹೆಸರೂ Legal Name of Business ಎಂಬಲ್ಲಿ ಮಾಲೀಕರ ನಿಜವಾದ ಹೆಸರೂ ಕಾಣುತ್ತದೆ. ನೋಡಿದರೆ, ನನ್ನೊಡನೆ ಫೋನಿನಲ್ಲಿ ಮಾತನಾಡುತ್ತಿದ್ದವರು ಮಾಲೀಕರೇ ಅಲ್ಲ, ಅವರ ತಮ್ಮ. ಮೂರನೆಯ ನೋಟಿಸನ್ನು "ಇಂಥವರು, ಇಂಥ ಅಂಗಡಿಯ ಮಾಲೀಕರು" ಎಂದು ಬರೆದು, ಜಿಎಸ್‌ಟಿಯಲ್ಲಿ ನೋಂದಾಯಿಸಿದ್ದ ವಿಳಾಸಕ್ಕೂ ಮನೆಯ ವಿಳಾಸಕ್ಕೂ ನೋಂದಾಯಿತ ಅಂಚೆಯಲ್ಲಿ ಸ್ವೀಕೃತಿ ಪತ್ರದೊಂದಿಗೆ ಕಳುಹಿಸಿದೆವು. ಸರಿಯಾದ ವಿಳಾಸಕ್ಕೆ ಹೋದ ಲಕೋಟೆಯನ್ನು ನಿರಾಕರಿಸಿ ವಾಪಸು ಕಳುಹಿಸಿದರೂ ಅದು ತಲುಪಿದಂತೆಯೇ ಎಂದು ನ್ಯಾಯಾಲಯಗಳು ಭಾವಿಸುತ್ತವೆ. ಹಾಗೆ ಮರಳಿದರೆ ಅದನ್ನು ಒಡೆಯದೆ ಹಾಗೆಯೇ ಇಟ್ಟುಕೊಳ್ಳಬೇಕು.

ಎರಡನೆಯದು ಲೆಕ್ಕ. ಮೂರು ಬಿಲ್ಲುಗಳ ಸಂಖ್ಯೆ, ದಿನಾಂಕ, ಮೊತ್ತ, ಲಾರಿ ರಸೀದಿಯ ಸಂಖ್ಯೆ ಇವನ್ನೆಲ್ಲ ಒಂದು ಕೋಷ್ಟಕದಲ್ಲಿ ಬರೆದು, ವಾಪಸು ಬಂದ ಹದಿನಾಲ್ಕು ಪೀಸುಗಳ ಸುಮಾರು 7,000 ರೂಪಾಯಿಯನ್ನೂ ಕೊಟ್ಟ 50,000 ರೂಪಾಯಿಯನ್ನೂ ನಾವೇ ಕಳೆದು, ಬಾಕಿ 3,12,000 ಎಂದು ತೋರಿಸಿದೆವು. ತನಗೆ ಸಲ್ಲಬೇಕಾದ ಕಡಿತವನ್ನು ಎದುರಾಳಿಯೇ ನೋಟಿಸಿನಲ್ಲಿ ತೋರಿಸಿದಾಗ ಲೆಕ್ಕದ ಮೇಲೆ ತಕರಾರು ತೆಗೆಯುವುದು ಕಷ್ಟ. ಮಾಲು ಕಳಪೆ ಎಂಬ ಮಾತಿಗೆ ಉತ್ತರ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಲ್ಲಿಯೇ ಇದೆ: ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನವಾಗುತ್ತದೆ. ಆ ಹದಿನಾಲ್ಕು ಪೀಸುಗಳನ್ನು ಬಿಟ್ಟರೆ ಉಳಿದ ಮಾಲಿನ ಬಗ್ಗೆ ಅವರು ಆರು ತಿಂಗಳು ಒಂದು ಸಾಲನ್ನೂ ಬರೆದಿರಲಿಲ್ಲ.

ಬಡ್ಡಿಯ ವಿಷಯದಲ್ಲಿ ಬಿಲ್ಲಿನ ಶೇಕಡಾ 24ನ್ನು ಬಿಟ್ಟು, ಅದೇ ಕಾಯ್ದೆಯ 16ನೆಯ ಕಲಮನ್ನು ಹಿಡಿದೆವು. ಒಪ್ಪಂದದಲ್ಲಿ ಏನೇ ಇರಲಿ, ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟನ್ನು, ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿಯಾಗಿ ಕೊಡಬೇಕೆಂದು ಅದು ಹೇಳುತ್ತದೆ. ಆಗ ಬ್ಯಾಂಕ್ ದರ ಶೇಕಡಾ 6.75 ಇದ್ದುದರಿಂದ ನಮ್ಮ ದರ ಶೇಕಡಾ 20.25 ಆಯಿತು. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ, ಇದ್ದರೂ 45 ದಿನ ಮೀರುವಂತಿಲ್ಲ. ನಮ್ಮಲ್ಲಿ ಲಿಖಿತ ಒಪ್ಪಂದ ಇರಲಿಲ್ಲವಾದ್ದರಿಂದ 15 ದಿನವನ್ನೇ ಹಿಡಿಯೋಣ ಎಂದರು ವಕೀಲರು. ನಾನು ಒಪ್ಪದೆ, ಬಾಯಿಮಾತಿನ 45 ದಿನವನ್ನೇ ಉಳಿಸಿಕೊಂಡು, ಕೊನೆಯ ಬಿಲ್ಲಿನ ಗಡುವಿನಿಂದಲೇ ಮೂರಕ್ಕೂ ಬಡ್ಡಿ ಎಣಿಸಿದೆ. ಏಳು ತಿಂಗಳಿಗೆ ಸುಮಾರು 39,000 ರೂಪಾಯಿ ಆಯಿತು. ಸ್ವಲ್ಪ ಬಡ್ಡಿ ಕೈಬಿಟ್ಟು ವಾದಕ್ಕೆ ಎಡೆಯಿಲ್ಲದಂತೆ ಮಾಡಿದ್ದು ಸರಿಯಾಯಿತೆಂದೇ ಇಂದಿಗೂ ನನ್ನ ಅಭಿಪ್ರಾಯ.

ಆದರೆ ಅವರನ್ನು ಅಲುಗಿಸಿದ್ದು ಬಡ್ಡಿಯಲ್ಲ, ತೆರಿಗೆಯ ಎರಡು ಪ್ಯಾರಾಗಳು. ಬಿಲ್ಲಿನ ದಿನದಿಂದ 180 ದಿನಗಳೊಳಗೆ ನಮಗೆ ಹಣ ಕೊಡದಿದ್ದರೆ, ಆ ಬಿಲ್ಲುಗಳ ಮೇಲೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟನ್ನು ಖರೀದಿದಾರರು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. ನಮ್ಮ ಬಿಲ್ಲುಗಳಿಗೆ ಆ ಅವಧಿ ಮಾರ್ಚಿನಲ್ಲಿಯೇ ಮುಗಿದಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಮು 2023-24ರ ಲೆಕ್ಕಕ್ಕೆ ಹೊಸದಾಗಿ ಅನ್ವಯವಾಗಿತ್ತು. ಅದರಂತೆ ಸಣ್ಣ ತಯಾರಕರಿಗೆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಿಯೇ ತೋರಿಸಬೇಕು. ಈ ಎರಡನ್ನೂ ಬೆದರಿಕೆಯ ಧಾಟಿಯಿಲ್ಲದೆ, ಮಾಹಿತಿಯಾಗಿ ಬರೆದೆವು. ನೋಟಿಸನ್ನು ಜೂನ್ ನಡುವಿನಲ್ಲಿ, ಅಂದರೆ ಅವರ ಲೆಕ್ಕಪರಿಶೋಧಕರು ರಿಟರ್ನ್ಸ್ ಸಿದ್ಧಪಡಿಸುವ ಹೊತ್ತಿಗೆ ಕಳುಹಿಸಿದ್ದು ಬೇಕೆಂದೇ.

ವಂಚನೆಯ ದೂರು, ಪೊಲೀಸ್ ಠಾಣೆ ಎಂದೆಲ್ಲ ಸೇರಿಸಬೇಕೆಂದು ನಾನು ಹಟ ಹಿಡಿದಿದ್ದೆ. ವಕೀಲರು ಹೊಡೆದು ಹಾಕಿದರು. ಇದು ಹಣದ ಬಾಕಿಯ ಸಿವಿಲ್ ವ್ಯಾಜ್ಯ, ಅಂತಹ ಮಾತು ಬರೆದರೆ ನಮ್ಮ ನೋಟಿಸೇ ಹಗುರವಾಗುತ್ತದೆ ಎಂದರು. ಅದರ ಬದಲಿಗೆ, 15 ದಿನಗಳಲ್ಲಿ ಪಾವತಿಯಾಗದಿದ್ದರೆ ಸಣ್ಣ ಉದ್ದಿಮೆಗಳ ತಡಪಾವತಿ ವ್ಯಾಜ್ಯಗಳನ್ನು ತೀರ್ಮಾನಿಸುವ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಎಂಎಸ್‌ಎಂಇ ಕಾಯ್ದೆಯ 18ನೆಯ ಕಲಮಿನಡಿ ಅರ್ಜಿ ಹಾಕುತ್ತೇವೆ ಎಂದು ಬರೆದರು. ಕೌನ್ಸಿಲ್ಲಿನ ತೀರ್ಪನ್ನು ಖರೀದಿದಾರರು ಪ್ರಶ್ನಿಸಬೇಕಾದರೆ ಮೊದಲು ಶೇಕಡಾ 75ರಷ್ಟು ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬೇಕೆಂಬುದನ್ನೂ ಕೊನೆಯಲ್ಲಿ ಸೇರಿಸಿದರು.

ಇದೇ ನೋಟಿಸಿನ ನಕಲನ್ನು ತೆಗೆದುಕೊಂಡು ಹೋದ ನನ್ನ ಸ್ನೇಹಿತರಿಗೆ ಅದು ಕೆಲಸಕ್ಕೆ ಬರಲಿಲ್ಲ. ಅವರು ನಮ್ಮಂತಹವರಿಂದ ಪ್ಯಾಂಟು ಕೊಂಡು ಮಾರುವವರು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಯಲ್ಲಿ ಅವರದು ವ್ಯಾಪಾರ ಎಂದೇ ಇತ್ತು. ವ್ಯಾಪಾರಿಗಳಿಗೆ ಆ ನೋಂದಣಿಯ ಪ್ರಯೋಜನ ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ ಸೀಮಿತ, ತಡಪಾವತಿಯ ಕಲಮುಗಳು ಅವರಿಗೆ ದೊರೆಯುವುದಿಲ್ಲ. ನನ್ನದು 2021ರಲ್ಲಿಯೇ ತಯಾರಿಕೆ ಎಂದು ಆಗಿದ್ದ ನೋಂದಣಿ. ಮಾಲು ಕಳುಹಿಸಿದ ಮೇಲೆ ನೋಂದಾಯಿಸಿಕೊಂಡಿದ್ದರೆ ನನಗೂ ಅದೇ ತೊಡಕು ಬರುತ್ತಿತ್ತು.

ಒಂಬತ್ತನೆಯ ದಿನ ಮಾಲೀಕರೇ ಫೋನು ಮಾಡಿದರು. ಅಸಲಿನ 3,12,000 ರೂಪಾಯಿ ಎರಡು ಕಂತುಗಳಲ್ಲಿ ಜುಲೈ ಮುಗಿಯುವುದರೊಳಗೆ ಖಾತೆಗೆ ಬಂದಿತು. ಬಡ್ಡಿಯಲ್ಲಿ 15,000ಕ್ಕೆ ನಾನು ಒಪ್ಪಿದೆ. ಈ ನೋಟಿಸಿಗೆ ವಕೀಲರ ಶುಲ್ಕ, ಅಂಚೆ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಮೊದಲ ಕಂತು ಬರುವ ಮುನ್ನವೇ ಪೂರ್ತಿ ಬಾಕಿಯನ್ನು ಒಪ್ಪಿಕೊಂಡು ಮಾಲೀಕರು ಸಹಿ ಮಾಡಿದ ಪತ್ರ ನನ್ನ ಕೈಯಲ್ಲಿತ್ತು. ಬಿಲ್ಲಿನ ಹಣಕ್ಕಿರುವ ಮೂರು ವರ್ಷಗಳ ಕಾಲಮಿತಿ ಅಂತಹ ಸಹಿಯ ದಿನದಿಂದ ಹೊಸದಾಗಿ ಆರಂಭವಾಗುತ್ತದೆ. ಆ ಸಹಿಯನ್ನು ಹೇಗೆ ಪಡೆದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇನ್ನೂ ಇಬ್ಬರಿಂದ ನನಗೆ ಬಾಕಿ ಬರಬೇಕಿದೆ.