ಫಲಿತಾಂಶದ ಆಸುಪಾಸಿನಲ್ಲಿ ಹೊಸ ಖರೀದಿ ಬೇಡ: ಸ್ಕ್ರಿಪ್ಟ್‌ಗೆ ಕ್ಯಾಲೆಂಡರ್ ಜೋಡಿಸುವುದು ಹೇಗೆ?

ಕಂಪನಿ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿದ ಮೇಲೆ ಅದರ ಷೇರು ಹಿಂದಿನ ದಿನದ ಬೆಲೆಯಿಂದ ಒಮ್ಮೆಲೇ ಜಿಗಿದು ಅಥವಾ ಕುಸಿದು ಶುರುವಾಗುವುದುಂಟು. ನಡುವಿನ ಬೆಲೆಗಳಲ್ಲಿ ವಹಿವಾಟೇ ನಡೆಯದ್ದರಿಂದ ಸ್ಟಾಪ್‌ಲಾಸ್ ಇದ್ದರೂ ನೀವು ಬಯಸಿದ ಬೆಲೆಗೆ ಹೊರಬರಲಾಗದು. ನಾಲ್ಕೈದು ದಿನದ ಮಟ್ಟಿಗೆ ಷೇರು ಕೊಳ್ಳುವ ಸ್ಕ್ರಿಪ್ಟ್ ಬರೆದವರು ಇದಕ್ಕೆಂದೇ ಕ್ಯಾಲೆಂಡರ್ ಸೇರಿಸುತ್ತಾರೆ. ಆದರೆ ಬಹುತೇಕರು ಒಂದು ದಿನ ಆಚೀಚೆ ಎಣಿಸಿ, ತಪ್ಪಿಸಬೇಕಿದ್ದ ದಿನಕ್ಕೇ ಸಿಕ್ಕಿಬೀಳುತ್ತಾರೆ.

ಹಂತ 1: ಕ್ಯಾಲೆಂಡರ್ ತರಿಸಿಕೊಳ್ಳಿ. ದಿನಾಂಕದ ಜೊತೆಗೆ ‘ಮಾರುಕಟ್ಟೆ ತೆರೆಯುವ ಮುನ್ನ’, ‘ಮುಚ್ಚಿದ ಮೇಲೆ’ ಎಂಬ ವಿವರವೂ ಇರಬೇಕು. ಬರೀ ದಿನಾಂಕ ಕೊಡುವ ಪುಕ್ಕಟೆ ಪಟ್ಟಿಗಳನ್ನು ನಂಬಿ ಕೂರಬೇಡಿ.

ಹಂತ 2: ಎಡವುವುದು ಇಲ್ಲೇ. ನಮಗೆ ಬೇಕಾದದ್ದು ಪ್ರಕಟಣೆಯ ದಿನವಲ್ಲ, ಬೆಲೆ ಅದಕ್ಕೆ ಸ್ಪಂದಿಸುವ ದಿನ. ಫಲಿತಾಂಶ ಗುರುವಾರ ಮಾರುಕಟ್ಟೆ ತೆರೆಯುವ ಮುನ್ನ ಅಥವಾ ವಹಿವಾಟಿನ ನಡುವೆ ಬಂದರೆ ಸ್ಪಂದನೆಯ ದಿನ ಗುರುವಾರವೇ. ಮುಚ್ಚಿದ ಮೇಲೆ ಬಂದರೆ ಶುಕ್ರವಾರ. ರಜಾದಿನ ಬಂದರೆ ಮುಂದಿನ ವಹಿವಾಟಿನ ದಿನ. ಹೊತ್ತು ಗೊತ್ತಿಲ್ಲದಿದ್ದರೆ ಎರಡೂ ದಿನಗಳನ್ನು ಪಟ್ಟಿಗೆ ಸೇರಿಸಿಬಿಡಿ, ಊಹೆಗೆ ಹೋಗಬೇಡಿ. ಎಣಿಕೆ ವಹಿವಾಟಿನ ದಿನಗಳಲ್ಲೇ ಇರಲಿ. ಮಾಮೂಲಿ ಕ್ಯಾಲೆಂಡರಿನ ದಿನಗಳನ್ನು ಎಣಿಸಿದರೆ ವಾರಾಂತ್ಯ ಬಂದಾಗಲೆಲ್ಲ ಲೆಕ್ಕ ತಪ್ಪುತ್ತದೆ.

ನಿಮ್ಮ ಸ್ಕ್ರಿಪ್ಟ್ ಪ್ರತಿದಿನ ಮಾರುಕಟ್ಟೆ ಮುಚ್ಚಲು 20 ನಿಮಿಷ ಇರುವಾಗ ಓಡುತ್ತದೆ, ಕೊಂಡದ್ದನ್ನು 3 ವಹಿವಾಟಿನ ದಿನಗಳ ನಂತರ ಅದೇ ಹೊತ್ತಿಗೆ ಮಾರುತ್ತದೆ ಎನ್ನಿ. ಫಲಿತಾಂಶ ಗುರುವಾರ ಮುಚ್ಚಿದ ಮೇಲೆ. ಸೋಮವಾರ ಕೊಂಡರೆ ಗುರುವಾರ ಫಲಿತಾಂಶಕ್ಕೆ ಮುಂಚೆಯೇ ಮಾರಿರುತ್ತೀರಿ, ತೊಂದರೆಯಿಲ್ಲ. ಮಂಗಳವಾರ ಕೊಂಡರೆ ಶುಕ್ರವಾರದ ಜಿಗಿತ ನಿಮ್ಮ ತಲೆಗೇ. ಹಾಗಾಗಿ ಮಂಗಳವಾರದಿಂದಲೇ ತಡೆ ಶುರುವಾಗಬೇಕು. ‘ಫಲಿತಾಂಶದ ಹಿಂದಿನ ದಿನ ಕೊಳ್ಳಬೇಡ’ ಎಂದಷ್ಟೇ ಬರೆದವರು ಮಂಗಳವಾರವೇ ಸಿಕ್ಕಿಬೀಳುವುದು ಇದಕ್ಕೇ. ತಡೆಯ ಉದ್ದವನ್ನು ನಿರ್ಧರಿಸುವುದು ಷೇರು ನಿಮ್ಮ ಕೈಯಲ್ಲಿರುವ ಅವಧಿ. ಸ್ಪಂದನೆಯ ದಿನ ಮತ್ತು ಅದರ ಮರುದಿನವೂ ಏರಿಳಿತ ಜೋರಾಗಿರಬಹುದು. ಆ ಎರಡೂ ದಿನ ಕೊಳ್ಳದೆ ಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

```python
HOLD = 3

def blocked(symbol, today):
    t = sessions.index(today)
    r = [sessions.index(d)
         for d in reactions.get(symbol, [])]
    if not r or t - max(r) > 40:
        return True
    return any(-1 <= x - t <= HOLD for x in r)
```

ಇಲ್ಲಿ `sessions` ಎಂದರೆ ಮುಂದಿನ ತಿಂಗಳುಗಳನ್ನೂ ಒಳಗೊಂಡ ವಹಿವಾಟಿನ ದಿನಗಳ ಪಟ್ಟಿ. `reactions` ಪ್ರತಿ ಷೇರಿನ ಸ್ಪಂದನೆಯ ದಿನಗಳನ್ನು ಇಟ್ಟುಕೊಂಡಿರುತ್ತದೆ, ಕಳೆದು ಹೋದವುಗಳನ್ನೂ ಸೇರಿಸಿ. ಹಳೆಯವು ಯಾಕೆಂದರೆ, ‘ಮುಂದಿನ ಫಲಿತಾಂಶ’ವನ್ನು ಮಾತ್ರ ಕೊಡುವ ಕ್ಯಾಲೆಂಡರ್ ಪ್ರಕಟಣೆ ಮುಗಿದ ಕೂಡಲೇ ಮೂರು ತಿಂಗಳಾಚೆಗೆ ನೆಗೆಯುತ್ತದೆ. ಆಗ ಮರುದಿನದ ತಡೆ ಸದ್ದಿಲ್ಲದೆ ಮಾಯವಾಗುತ್ತದೆ.

40 ಎಂಬ ಸಂಖ್ಯೆ ಇನ್ನೊಂದು ಕಾವಲು. ತ್ರೈಮಾಸಿಕವೊಂದರಲ್ಲಿ ಸುಮಾರು 63 ವಹಿವಾಟಿನ ದಿನಗಳಿರುತ್ತವೆ. ಕೊನೆಯ ಫಲಿತಾಂಶ ಬಂದು 40 ದಿನ ದಾಟಿದರೂ ಮುಂದಿನ ದಿನಾಂಕ ನಮ್ಮ ಬಳಿ ಇಲ್ಲವೆಂದರೆ ಆ ಷೇರನ್ನು ಮುಟ್ಟದಿರುವುದು ಲೇಸು. ಮಾಹಿತಿ ಇಲ್ಲ ಎಂದರೆ ಫಲಿತಾಂಶ ಇಲ್ಲ ಎಂದಲ್ಲ.

ಹಂತ 3: ನಿಗದಿತ ಹೊತ್ತಿನ ಕೆಲಸದೊಳಗೆ ಕ್ರಮ ಹೀಗಿರಲಿ: ಮೊದಲು ಮಾರಾಟ, ಆಮೇಲೆ ಕ್ಯಾಲೆಂಡರ್ ಹೊಸದು ಮಾಡುವುದು, ಆಮೇಲೆ ಈ ಜರಡಿ, ಕೊನೆಗೆ ಖರೀದಿ. ಜರಡಿಯನ್ನು ಎಲ್ಲಕ್ಕಿಂತ ಮೇಲೆ ಹಾಕಿ ಅಲ್ಲಿಂದಲೇ `return` ಮಾಡಿಬಿಡುವವರಿದ್ದಾರೆ. ಆಗ ಕೈಲಿರುವ ಷೇರಿನ ಮಾರಾಟವೂ ನಿಂತು, ಯಾವ ಅಪಾಯಕ್ಕೆ ಹೆದರಿದ್ದರೋ ಅದರ ಮಧ್ಯೆಯೇ ಉಳಿದುಬಿಡುತ್ತಾರೆ. ತಡೆ ಖರೀದಿಗೆ ಮಾತ್ರ.

ಕ್ಯಾಲೆಂಡರ್ ತರುವುದಕ್ಕೆ ಬೇರೆಯದೇ ಹೊತ್ತಿನ ಇನ್ನೊಂದು ಸ್ಕ್ರಿಪ್ಟ್ ಇಡಬೇಡಿ. ಅದು ಕೆಟ್ಟು ನಿಂತರೂ ಹಳೆಯ ಫೈಲ್ ಅಲ್ಲೇ ಇರುತ್ತದೆ, ಖರೀದಿ ಏನೂ ಆಗಿಲ್ಲವೆಂಬಂತೆ ಸಾಗುತ್ತದೆ. ಕಂಪನಿಗಳು ದಿನಾಂಕ ಹಿಂದೆ ಮುಂದೆ ಮಾಡುವುದರಿಂದ ವಾರದ ಹಿಂದಿನ ಫೈಲ್ ಕೆಲಸಕ್ಕೆ ಬಾರದು. ಇಂದಿನ ಫೈಲ್ ಸಿಗದಿದ್ದರೆ ಆ ದಿನ ಖರೀದಿಯೇ ಬೇಡ.

ಹಂತ 4: ಹಳೆಯ ಬೆಲೆಗಳ ಮೇಲೆ ಪರೀಕ್ಷೆ. ಇಂದು ಇಳಿಸಿಕೊಂಡ ಹಳೆಯ ಪಟ್ಟಿಯಲ್ಲಿ ಕೊನೆಗೆ ನಡೆದ ದಿನಾಂಕ ಇರುತ್ತದೆ, ಅಂದು ಮೊದಲೇ ಗೊತ್ತಿದ್ದದ್ದಲ್ಲ. ಕಂಪನಿ ಕೊನೆ ಗಳಿಗೆಯಲ್ಲಿ ದಿನ ಬದಲಿಸಿದ್ದನ್ನು ನಿಮ್ಮ ಪರೀಕ್ಷೆ ಮೊದಲೇ ತಿಳಿದಿರುವಂತೆ ವರ್ತಿಸಿ, ಲಾಭವನ್ನು ಇದ್ದುದಕ್ಕಿಂತ ಚೆಂದ ತೋರಿಸಬಹುದು. ಆದ್ದರಿಂದ ಇಂದಿನಿಂದಲೇ ಪ್ರತಿದಿನದ ಕ್ಯಾಲೆಂಡರ್ ಫೈಲನ್ನು ಅಂದಿನ ದಿನಾಂಕದ ಹೆಸರಿನಲ್ಲಿ ಉಳಿಸಿಡಿ.

ಹಂತ 5: ತಡೆದ ಪ್ರತಿ ಷೇರಿನ ಹೆಸರು, ಅದರ ಸ್ಪಂದನೆಯ ದಿನ ಮತ್ತು ತಡೆದ ಕಾರಣ ಲಾಗ್‌ನಲ್ಲಿ ಬರಲಿ. ಫಲಿತಾಂಶಗಳು ಸಾಲುಗಟ್ಟಿ ಬರುವ ವಾರಗಳಲ್ಲೂ ಲಾಗ್ ಖಾಲಿಯಿದ್ದರೆ ಜರಡಿ ಕೆಲಸ ಮಾಡುತ್ತಿಲ್ಲ. ಆಗ ಮೊದಲು ನೋಡಬೇಕಾದದ್ದು ಕ್ಯಾಲೆಂಡರಿನ ಷೇರು ಸಂಕೇತ ಮತ್ತು ನಿಮ್ಮ ಸ್ಕ್ರಿಪ್ಟಿನ ಸಂಕೇತ ಒಂದೇ ಆಗಿವೆಯೇ ಎಂಬುದನ್ನು.