ಸ್ಲ್ಯಾಬ್ ಹಾಕುವ ಮೊದಲೇ ಕಂತಿನ ಪತ್ರ ಬಂದರೆ ಉತ್ತರಿಸುವುದು ಹೇಗೆ?

ಐದನೇ ಅಂತಸ್ತಿನ ಸ್ಲ್ಯಾಬ್ ಮುಗಿದಾಗ ಫ್ಲ್ಯಾಟಿನ ಬೆಲೆಯ ಶೇ 10ರಷ್ಟನ್ನು ಕೊಡಬೇಕೆಂದು ನಿಮ್ಮ ಕರಾರಿನಲ್ಲಿದೆ ಎಂದಿಟ್ಟುಕೊಳ್ಳೋಣ. ಆ ಹಣವನ್ನು 15 ದಿನಗಳೊಳಗೆ ಕಟ್ಟುವಂತೆ ಬಿಲ್ಡರ್ ಪತ್ರ ಕಳುಹಿಸಿದ್ದಾರೆ. ಆದರೆ ಐದನೇ ಅಂತಸ್ತಿನಲ್ಲಿ ಸೆಂಟ್ರಿಂಗ್ ಹೊಡೆದು ಕಬ್ಬಿಣ ಕಟ್ಟುವ ಕೆಲಸವಷ್ಟೇ ನಡೆದಿದೆ. ಕಾಂಕ್ರೀಟ್ ಇನ್ನೂ ಬಿದ್ದಿಲ್ಲ.

ಮೊದಲು ಕರಾರಿನ ಪಾವತಿ ಪಟ್ಟಿಯನ್ನು ಅಕ್ಷರಶಃ ಓದಬೇಕು, ಏಕೆಂದರೆ ಇಡೀ ವಾದ ಒಂದೇ ಪದದ ಮೇಲೆ ನಿಂತಿರುತ್ತದೆ. ‘ಸ್ಲ್ಯಾಬ್ ಕೆಲಸ ಆರಂಭವಾದಾಗ’ ಎಂದಿದ್ದರೆ ಬಿಲ್ಡರ್ ಕೇಳಿದ್ದು ಬಹುಶಃ ಸರಿಯೇ. ‘ಪೂರ್ಣಗೊಂಡಾಗ’ ಎಂದಿದ್ದರೆ ಸೆಂಟ್ರಿಂಗ್ ಹೊಡೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಹಲವು ಬ್ಲಾಕ್‌ಗಳಿರುವ ಯೋಜನೆಯಾದರೆ ಪತ್ರದಲ್ಲಿ ಹೇಳಿರುವ ಹಂತ ನಿಮ್ಮ ಬ್ಲಾಕಿನದೇ ಎಂಬುದನ್ನೂ ನೋಡಿಕೊಳ್ಳಬೇಕು. ಪಕ್ಕದ ಬ್ಲಾಕಿನ ಪ್ರಗತಿಯನ್ನು ಎಲ್ಲರ ಪತ್ರದಲ್ಲೂ ಬರೆದುಬಿಡುವುದುಂಟು.

ಅನಂತರ ಅನುಮತಿ ಪಡೆದು ಸ್ಥಳಕ್ಕೆ ಹೋಗಿ, ಬ್ಲಾಕಿನ ಹೆಸರೂ ಅಂತಸ್ತೂ ಗುರುತು ಸಿಗುವಂತೆ, ದಿನಾಂಕ ಮೂಡುವ ಫೋಟೊ ತೆಗೆಯಿರಿ. ಬರೀ ಕಬ್ಬಿಣದ ಹತ್ತಿರದ ಚಿತ್ರ ಯಾವ ಅಂತಸ್ತಿನದೆಂದು ಯಾರೂ ಹೇಳಲಾರರು.

ಉತ್ತರವನ್ನು ಗಡುವಿನೊಳಗೆ, ಕರಾರಿನಲ್ಲಿ ನೋಟಿಸ್‌ಗಾಗಿ ಸೂಚಿಸಿರುವ ವಿಳಾಸ ಮತ್ತು ವಿಧಾನದಲ್ಲೇ ಕಳುಹಿಸಬೇಕು. ಮಾರಾಟ ವಿಭಾಗದವರೊಡನೆ ಫೋನಿನಲ್ಲಿ ಆಡಿದ ಮಾತು ಮುಂದೆ ವಿಳಂಬ ಬಡ್ಡಿಯ ಪ್ರಶ್ನೆ ಎದ್ದಾಗ ನೆರವಿಗೆ ಬರುವುದು ಅಪರೂಪ. ಪತ್ರದಲ್ಲಿ ಕೋಪವೂ ಬೇಡ, ‘ಹಣ ಕೊಡುವುದಿಲ್ಲ’ ಎಂಬ ಮಾತೂ ಬೇಡ. ಅದು ನಿಮ್ಮನ್ನೇ ಕರಾರು ಮುರಿದವರಂತೆ ತೋರಿಸುತ್ತದೆ. ಹೀಗೆ ಬರೆಯಬಹುದು:

“ತಮ್ಮ ಪತ್ರ ತಲುಪಿದೆ. ಕರಾರಿನ ಪಾವತಿ ಪಟ್ಟಿಯಂತೆ ಈ ಕಂತು ಐದನೇ ಅಂತಸ್ತಿನ ಸ್ಲ್ಯಾಬ್ ಪೂರ್ಣಗೊಂಡಾಗ ಸಲ್ಲತಕ್ಕದ್ದು. ನಾನು ಸ್ಥಳಕ್ಕೆ ಭೇಟಿ ನೀಡಿದ ದಿನ ಕಾಂಕ್ರೀಟ್ ಹಾಕಿರಲಿಲ್ಲ, ಫೋಟೊ ಲಗತ್ತಿಸಿದ್ದೇನೆ. ಹಂತ ಪೂರ್ಣಗೊಂಡ ಬಗ್ಗೆ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ದೃಢೀಕರಣದೊಂದಿಗೆ ಹೊಸ ಬೇಡಿಕೆ ಪತ್ರ ಕಳುಹಿಸಿದರೆ, ಕರಾರಿನ ಅವಧಿಯೊಳಗೆ ಪಾವತಿಸುತ್ತೇನೆ. ಈಗಿನ ಪತ್ರದ ಆಧಾರದ ಮೇಲೆ ವಿಳಂಬ ಬಡ್ಡಿ ಅನ್ವಯಿಸುವುದಿಲ್ಲವೆಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.”

ಗೃಹಸಾಲವಿದ್ದರೆ ಇದರ ಪ್ರತಿಯನ್ನು ಬ್ಯಾಂಕಿಗೂ ಕೊಡಿ; ಇಲ್ಲವಾದರೆ ಬಿಲ್ಡರ್‌ನ ಬೇಡಿಕೆಯನ್ನೇ ನಂಬಿ ಬ್ಯಾಂಕ್ ಹಣ ಬಿಡುಗಡೆ ಮಾಡಿಬಿಡಬಹುದು, ಆ ದಿನದಿಂದಲೇ ಆ ಮೊತ್ತಕ್ಕೆ ನಿಮ್ಮ ಬಡ್ಡಿ ಶುರುವಾಗುತ್ತದೆ.

ಒಂದು ಎಚ್ಚರಿಕೆ. ಕಬ್ಬಿಣ ಕಟ್ಟಿ ಮುಗಿದರೆ ಕಾಂಕ್ರೀಟ್ ಬೀಳಲು ಹೆಚ್ಚು ದಿನ ಬೇಕಿಲ್ಲ. ಆದ್ದರಿಂದ ಹಣವನ್ನು ಸಿದ್ಧವಾಗಿಟ್ಟುಕೊಂಡೇ ಈ ಪತ್ರ ಬರೆಯಿರಿ, ಗಡುವು ಮುಗಿಯುವ ಮುನ್ನ ಇನ್ನೊಮ್ಮೆ ಸ್ಥಳಕ್ಕೆ ಹೋಗಿ ಬನ್ನಿ. ಅಷ್ಟರಲ್ಲಿ ಸ್ಲ್ಯಾಬ್ ಹಾಕಿ ಮುಗಿದಿದ್ದರೆ, ಗಡುವನ್ನು ಯಾವ ದಿನದಿಂದ ಎಣಿಸಬೇಕೆಂದು ಬಿಲ್ಡರ್‌ನಿಂದ ಬರಹದಲ್ಲೇ ಕೇಳಿ ಪಡೆಯಿರಿ.